ಉಂಗುರ ಎಣಿಸಿ ಉದ್ದ ಅಳೆಯೋದು: ಮೈಕೆಲ್ಸನ್ ಇಂಟರ್‌ಫೆರೋಮೀಟರ್‌ನ ಎಣಿಕೆ ಎಲ್ಲಿ ತಪ್ಪುತ್ತದೆ, ಎಲ್ಲಿ ನಿಲ್ಲುತ್ತದೆ

ಈ ಉಪಕರಣದಲ್ಲಿ ಮುಖ್ಯವಾಗಿ ಇರೋದು ಎರಡು ಕನ್ನಡಿ. ಅವುಗಳ ಮಧ್ಯೆ 45 ಡಿಗ್ರಿ ಓರೆಯಾಗಿ ನಿಲ್ಲಿಸಿದ ಒಂದು ಗಾಜಿದೆ, ಅದಕ್ಕೆ ತೆಳುವಾಗಿ ಲೋಹ ಬಳಿದಿರುತ್ತಾರೆ. ಬಂದ ಬೆಳಕಿನಲ್ಲಿ ಅರ್ಧ ಆ ಗಾಜನ್ನು ದಾಟಿ ಒಂದು ಕನ್ನಡಿಗೆ ಹೋಗುತ್ತದೆ, ಇನ್ನರ್ಧ ಪಕ್ಕಕ್ಕೆ ತಿರುಗಿ ಇನ್ನೊಂದು ಕನ್ನಡಿಗೆ ಹೋಗುತ್ತದೆ. ಎರಡೂ ತಿರುಗಿ ಬಂದು ಅದೇ ಗಾಜಿನಲ್ಲಿ ಸೇರುತ್ತವೆ. ಎರಡೂ ಅಲೆಗಳ ಉಬ್ಬು ಉಬ್ಬಿಗೆ ಕೂಡಿದರೆ ಬೆಳಕು, ಉಬ್ಬು ತಗ್ಗಿಗೆ ಸಿಕ್ಕಿದರೆ ಕತ್ತಲು. ಪರದೆಯ ಮೇಲೆ ಉಂಗುರ ಉಂಗುರವಾಗಿ ಕಾಣುತ್ತಲ್ಲ, ಅದೇ ಫ್ರಿಂಜ್.

ಈಗ ಒಂದು ಕನ್ನಡಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ. ಬೆಳಕು ಅಲ್ಲಿಗೆ ಹೋಗಲೂಬೇಕು, ತಿರುಗಿ ಬರಲೂಬೇಕು, ಹಾಗಾಗಿ ಕನ್ನಡಿ ಸರಿದದ್ದರ ಎರಡರಷ್ಟು ದಾರಿ ಜಾಸ್ತಿಯಾಗುತ್ತದೆ. ದಾರಿ ಒಂದು ತರಂಗದೂರದಷ್ಟು ಬದಲಾದಾಗ ಕತ್ತಲಿದ್ದ ಕೇಂದ್ರ ಬೆಳಗಿ, ಮತ್ತೆ ಕತ್ತಲಾಗುತ್ತದೆ. ಅಂದರೆ ಕನ್ನಡಿ ತರಂಗದೂರದ ಅರ್ಧದಷ್ಟು ಸರಿದರೆ ಒಂದು ಫ್ರಿಂಜ್ ದಾಟಿತು. ಇಡೀ ಲೆಕ್ಕ ಇಷ್ಟೇ:

2d = Nλ

ಇಲ್ಲಿ d ಕನ್ನಡಿ ಸರಿದ ದೂರ, N ನೀವು ಎಣಿಸಿದ ಫ್ರಿಂಜ್, λ ತರಂಗದೂರ. ಹೀಲಿಯಂ-ನಿಯಾನ್ ಲೇಸರಿನ ಕೆಂಪು ಬೆಳಕಿಗೆ λ 632.8 ನ್ಯಾನೋಮೀಟರ್. ಅದರ ಅರ್ಧ 316.4. ಒಂದು ಉಂಗುರ ಹುಟ್ಟಿತು ಅಂದರೆ ಕನ್ನಡಿ ಒಂದು ಮೈಕ್ರಾನಿನ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ ಸರಿದಿದೆ.

ಸಮೀಕರಣದಲ್ಲಿ ಮೂರು ಸಂಗತಿ ಇವೆ, ಅದರಲ್ಲಿ N ಅನ್ನು ನೀವು ಎಣಿಸುತ್ತೀರಿ. ಉಳಿದ ಎರಡರಲ್ಲಿ ಒಂದನ್ನು ನಂಬಿದರೆ ಇನ್ನೊಂದು ಸಿಗುತ್ತದೆ. ಕನ್ನಡಿಯನ್ನು ಸರಿಸುವ ಸ್ಕ್ರೂ ನಂಬಿದರೆ ತರಂಗದೂರ ಸಿಗುತ್ತದೆ, ತರಂಗದೂರ ನಂಬಿದರೆ ದೂರ ಸಿಗುತ್ತದೆ. ನಾನು ಇವತ್ತು ಹೇಳಬೇಕು ಅಂತ ಬಂದಿರೋದು ಇದನ್ನೇ. ಯಾವುದನ್ನು ನಂಬಿದ್ದೇವೆ ಅನ್ನೋದು ಮನಸ್ಸಿನಲ್ಲಿ ಇಲ್ಲದೆ ಎಣಿಸಿದರೆ ಉತ್ತರ ಬರುತ್ತದೆ, ಆದರೆ ಆ ಉತ್ತರ ಎಷ್ಟು ಗಟ್ಟಿ ಅಂತ ಗೊತ್ತಾಗೋದಿಲ್ಲ.

ಮೊದಲು ಉಂಗುರ ಬರಿಸಬೇಕು, ಅಲ್ವಾ? ಲೇಸರ್ ಹಾಕಿದ ಕೂಡಲೇ ಪರದೆಯ ಮೇಲೆ ಚುಕ್ಕೆಗಳು ಕಾಣುತ್ತವೆ. ಎರಡು ಪ್ರಖರವಾಗಿರುತ್ತವೆ, ಸುತ್ತ ಮಂಕಾದವು ಕೆಲವು ಇರುತ್ತವೆ. ಮಂಕಾದವು ಗಾಜಿನ ಇನ್ನೊಂದು ಮುಖದಿಂದ ಬಂದವು, ಬಿಟ್ಟುಬಿಡಿ. ಕನ್ನಡಿಯ ಹಿಂದಿನ ಎರಡು ಸ್ಕ್ರೂ ಮೆಲ್ಲಗೆ ತಿರುಗಿಸುತ್ತಾ ಆ ಎರಡು ಪ್ರಖರ ಚುಕ್ಕೆಗಳನ್ನು ಒಂದರ ಮೇಲೊಂದು ಕೂರಿಸಬೇಕು. ಸರಿಯಾಗಿ ಕೂತ ಕ್ಷಣದಲ್ಲಿ ಚುಕ್ಕೆ ಮಿಣಮಿಣ ಅನ್ನುತ್ತದೆ. ಆಗ ದಾರಿಯಲ್ಲಿ ಒಂದು ಪುಟ್ಟ ಮಸೂರ ಇಟ್ಟು ಬೆಳಕನ್ನು ಹರಡಿಸಿ. ಮೊದಲು ಕಾಣೋದು ಸಾಮಾನ್ಯವಾಗಿ ಒತ್ತೊತ್ತಾದ ಗೆರೆಗಳು. ಅವು ಬಾಗಿರುವ ಕಡೆಗೆ ಉಂಗುರಗಳ ಕೇಂದ್ರ ಇದೆ ಅಂತ ಅರ್ಥ. ಸ್ಕ್ರೂ ಇನ್ನೂ ಮೆಲ್ಲಗೆ ತಿರುಗಿಸಿದರೆ ಕೇಂದ್ರ ಪರದೆಯೊಳಗೆ ಬರುತ್ತದೆ. ಕಣ್ಣನ್ನು ಮಾತ್ರ ಯಾವತ್ತೂ ಲೇಸರಿನ ದಾರಿಗೆ ಒಡ್ಡಬೇಡಿ, ಪರದೆಯ ಮೇಲೇ ನೋಡಿ.

ಇಲ್ಲಿ ಒಂದು ವಿಷಯ ಗಮನಿಸಿ. ಎರಡೂ ಕನ್ನಡಿಯ ದೂರ ಸರಿಸುಮಾರು ಸಮ ಇದ್ದಾಗ ಉಂಗುರಗಳು ತುಂಬಾ ದೊಡ್ಡದಾಗಿ, ಪರದೆ ಪೂರ್ತಿ ಒಂದೇ ಬಣ್ಣದ ಹಾಗೆ ಕಾಣುತ್ತದೆ. ದೂರದ ವ್ಯತ್ಯಾಸ ಜಾಸ್ತಿ ಮಾಡುತ್ತಾ ಹೋದರೆ ಕೇಂದ್ರದಿಂದ ಉಂಗುರ ಹುಟ್ಟಿ ಹೊರಗೆ ಹರಡುತ್ತವೆ, ಉಂಗುರಗಳು ಒತ್ತಾಗುತ್ತವೆ. ವ್ಯತ್ಯಾಸ ಕಡಿಮೆ ಮಾಡಿದರೆ ಉಂಗುರಗಳು ಒಳಕ್ಕೆ ಕುಗ್ಗಿ ಕೇಂದ್ರದಲ್ಲಿ ಮುಳುಗಿ ಹೋಗುತ್ತವೆ. ಕನ್ನಡಿಯನ್ನು ಒಂದೇ ದಿಕ್ಕಿಗೆ ಸರಿಸುತ್ತಿದ್ದರೂ ಮುಳುಗುತ್ತಿದ್ದ ಉಂಗುರಗಳು ಇದ್ದಕ್ಕಿದ್ದ ಹಾಗೆ ಹುಟ್ಟಲು ಶುರು ಮಾಡಿದರೆ ಗಾಬರಿ ಬೇಡ. ಸಮ ದೂರದ ಜಾಗವನ್ನು ದಾಟಿದ್ದೀರಿ, ಅಷ್ಟೇ. ಆದರೆ ಆ ಜಾಗದಲ್ಲಿ ಎಣಿಸೋದು ಕಷ್ಟ. ಒಂದೆರಡು ಮಿಲಿಮೀಟರ್ ಆಚೆಗೆ ಹೋಗಿ, ಪರದೆಯ ಮೇಲೆ ನಾಲ್ಕೈದು ಉಂಗುರ ಚೆನ್ನಾಗಿ ಕಾಣುವಲ್ಲಿ ನಿಂತು ಎಣಿಸಿ.

ಈಗ ಸ್ಕ್ರೂ ನಂಬಿ ತರಂಗದೂರ ಅಳೆಯೋಣ. ನಮ್ಮ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಸಿಗುವ ಉಪಕರಣದಲ್ಲಿ ಆ ಸ್ಕ್ರೂ ತಿರುಗಿಸುವ ಸೂಕ್ಷ್ಮ ಡ್ರಮ್‌ಗೆ 100 ಗೀಟು ಇರುತ್ತವೆ, ಒಂದು ಗೀಟು ಅಂದರೆ ಕನ್ನಡಿ 0.0001 ಮಿಲಿಮೀಟರ್, ಅಂದರೆ 0.1 ಮೈಕ್ರಾನ್ ಸರಿಯುತ್ತದೆ. ಒಂದು ಫ್ರಿಂಜ್‌ಗೆ ಮೂರು ಗೀಟಿಗಿಂತ ಸ್ವಲ್ಪ ಜಾಸ್ತಿ. 100 ಫ್ರಿಂಜ್‌ಗೆ 316.4 ಗೀಟು, ಅಂದರೆ ಡ್ರಮ್ ಮೂರು ಸುತ್ತು ಮತ್ತು ಹದಿನಾರು ಗೀಟು.

ಪರದೆಗೆ ಕಾಗದ ಅಂಟಿಸಿ, ಕೇಂದ್ರಕ್ಕೆ ಹತ್ತಿರದ ಒಂದು ಕಪ್ಪು ಉಂಗುರದ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ. ಆ ಗುರುತಿನ ಮೇಲೆ ಮುಂದಿನ ಕಪ್ಪು ಉಂಗುರ ಬಂದು ಕೂತಾಗ ಒಂದು. ಒಬ್ಬರು ಡ್ರಮ್ ತಿರುಗಿಸಲಿ, ಇನ್ನೊಬ್ಬರು ಬಾಯಿಬಿಟ್ಟು ಎಣಿಸಲಿ. ಒಬ್ಬರೇ ಎರಡೂ ಮಾಡಿದರೆ ಕೈ ಮುಂದೆ ಹೋಗಿ ಲೆಕ್ಕ ಹಿಂದೆ ಉಳಿಯುತ್ತದೆ. ಆಮೇಲೆ, ಇದು ನನ್ನ ಒತ್ತಾಯ, 100 ಅನ್ನು ಒಂದೇ ಉಸಿರಿಗೆ ಎಣಿಸಬೇಡಿ. ಪ್ರತಿ 20ಕ್ಕೆ ನಿಲ್ಲಿಸಿ ಡ್ರಮ್ ಓದಿ ಬರೆಯಿರಿ. ಸುತ್ತುಗಳನ್ನೂ ಸೇರಿಸಿ ಬರೆದಾಗ ಓದು ಹೀಗೆ ಬಂತು ಅಂತ ಇಟ್ಟುಕೊಳ್ಳೋಣ: ಶುರುವಿನಲ್ಲಿ 12, 20ಕ್ಕೆ 75, 40ಕ್ಕೆ 139, 60ಕ್ಕೆ 202, 80ಕ್ಕೆ 265, 100ಕ್ಕೆ 329.

ಒಂದರಿಂದ ಇನ್ನೊಂದು ಕಳೆದರೆ 63, 64, 63, 63, 64. ಒಟ್ಟು 317 ಗೀಟು, ಅಂದರೆ 31.7 ಮೈಕ್ರಾನ್. ಎರಡರಿಂದ ಗುಣಿಸಿ 100ರಿಂದ ಭಾಗಿಸಿದರೆ 0.634 ಮೈಕ್ರಾನ್, 634 ನ್ಯಾನೋಮೀಟರ್. ಶುರುವಿನಲ್ಲಿ ಒಂದು ಗೀಟು, ಕೊನೆಯಲ್ಲಿ ಒಂದು ಗೀಟು ತಪ್ಪಿ ಓದಿದ್ದರೆ 317ಕ್ಕೆ 2, ಅಂದರೆ 4 ನ್ಯಾನೋಮೀಟರ್ ಆಚೀಚೆ. ಹಾಗಾಗಿ 634 ಬಂದಿದ್ದು 632.8ಕ್ಕೆ ಒಪ್ಪುತ್ತದೆ. ಇಲ್ಲಿ 634.00 ಅಂತ ದಶಮಾಂಶ ಸೇರಿಸಿ ರೆಕಾರ್ಡ್ ಪುಸ್ತಕಕ್ಕೆ ಇಳಿಸೋದರಲ್ಲಿ ಅರ್ಥ ಇಲ್ಲ.

20-20 ಆಗಿ ಬರೆಯೋದು ಯಾಕೆ ಅಂದರೆ, ಒಂದು ಉಂಗುರ ಕಣ್ತಪ್ಪಿ ಹೋದರೆ ಅದು ಅಲ್ಲೇ ಸಿಕ್ಕಿಬೀಳುತ್ತದೆ. ನೀವು 20 ಅಂದಿರಿ, ನಿಜವಾಗಿ 21 ಹೋಗಿದೆ ಅನ್ನಿ. ಆ ಸಾಲಿನ ವ್ಯತ್ಯಾಸ 63ರ ಬದಲು 66 ಬರುತ್ತದೆ. ಒಂದನ್ನೇ ಎರಡು ಸಲ ಎಣಿಸಿದ್ದರೆ 60 ಬರುತ್ತದೆ. ಓದಿನಲ್ಲಿ ಒಂದು ಗೀಟು ಆಚೀಚೆ ಆಗೋದು ಸಹಜ, ಮೂರು ಗೀಟು ಆಗೋದು ಸಹಜ ಅಲ್ಲ. ಒಂದೇ ಉಸಿರಿಗೆ 100 ಎಣಿಸಿದ್ದರೆ 317ರ ಬದಲು 320 ಬರುತ್ತಿತ್ತು, ಯಾರಿಗೂ ಅನುಮಾನವೇ ಬರುತ್ತಿರಲಿಲ್ಲ, ಉತ್ತರ ಮಾತ್ರ 640 ಆಗಿರುತ್ತಿತ್ತು.

ಇನ್ನೊಂದು ತಪ್ಪು ಬ್ಯಾಕ್‌ಲ್ಯಾಶ್. ಸ್ಕ್ರೂ ಮತ್ತು ಅದರ ನಟ್ ನಡುವೆ ಸ್ವಲ್ಪ ಸಡಿಲ ಇದ್ದೇ ಇರುತ್ತದೆ. ದಿಕ್ಕು ಬದಲಿಸಿದರೆ ಡ್ರಮ್ ತಿರುಗುತ್ತದೆ, ಉಂಗುರ ಮಾತ್ರ ಅಲ್ಲಾಡೋದಿಲ್ಲ. ಇದರ ಗುರುತು ಮೊದಲ ಸಾಲಿನಲ್ಲೇ ಇರುತ್ತದೆ: 63ರ ಬದಲು 70, 75 ಬಂದು, ಮುಂದಿನ ಸಾಲುಗಳೆಲ್ಲ ಸರಿಯಾಗಿ 63ಕ್ಕೆ ಬಂದು ಕೂರುತ್ತವೆ. ಮದ್ದು ಸುಲಭ. ಎಣಿಸುವ ದಿಕ್ಕಿನಲ್ಲೇ ಹತ್ತು ಹದಿನೈದು ಉಂಗುರ ಸುಮ್ನೆ ಓಡಿಸಿ, ಆಮೇಲೆ ನಿಲ್ಲಿಸದೆ ಶುರು ಮಾಡಿ. ಮಧ್ಯದಲ್ಲಿ ಜಾಸ್ತಿ ತಿರುಗಿಸಿಬಿಟ್ಟೆ ಅಂತ ಹಿಂದೆ ತಿರುಗಿಸಿದಿರೋ, ಆ ಓದು ಹೋಯಿತು.

ಈ ಎರಡಕ್ಕಿಂತ ಕೆಟ್ಟದ್ದು ಮೂರನೆಯದು, ಯಾಕೆಂದರೆ ಅದು ಸಾಲುಗಳಲ್ಲಿ ಕಾಣೋದೇ ಇಲ್ಲ. ಡ್ರಮ್ಮಿನ ಒಂದು ಗೀಟು ನಿಜವಾಗಿ 0.1 ಮೈಕ್ರಾನೇ ಹೌದಾ? ಬಹಳ ಉಪಕರಣಗಳಲ್ಲಿ ಸ್ಕ್ರೂ ನೇರವಾಗಿ ಕನ್ನಡಿಯನ್ನು ತಳ್ಳೋದಿಲ್ಲ, ನಡುವೆ ಒಂದು ಸನ್ನೆಕೋಲು ಇರುತ್ತದೆ. ಸ್ಕ್ರೂ ಜಾಸ್ತಿ ಸರಿದರೆ ಕನ್ನಡಿ ಕಡಿಮೆ ಸರಿಯುವ ಹಾಗೆ. ಆ ಸನ್ನೆಯ ಅನುಪಾತ ನೂರಕ್ಕೆ ಒಂದು ತಪ್ಪಿದ್ದರೆ ನಿಮ್ಮ ಪ್ರತಿ ಸಾಲೂ ನೂರಕ್ಕೆ ಒಂದು ತಪ್ಪೇ. 640 ಬರುತ್ತದೆ, ಮತ್ತೆ ಮಾಡಿದರೆ 640, ಇನ್ನೊಬ್ಬರು ಮಾಡಿದರೂ 641. ಎಲ್ಲರದ್ದೂ ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ, ಎಲ್ಲವೂ ತಪ್ಪು. ಎಣಿಕೆ ತಪ್ಪಿದರೆ ಉತ್ತರಗಳು ಚದುರುತ್ತವೆ, ಅಳತೆಗೋಲು ತಪ್ಪಿದ್ದರೆ ಉತ್ತರಗಳು ಒಟ್ಟಿಗೇ ಒಂದು ಕಡೆ ಸರಿದು ನಿಲ್ಲುತ್ತವೆ. ಈ ಎರಡನ್ನು ಬೇರೆ ಮಾಡಿ ನೋಡೋದನ್ನು ರೂಢಿ ಮಾಡಿಕೊಳ್ಳಿ.

ಇಂಥ ಹೊತ್ತಿನಲ್ಲಿ ಸಮೀಕರಣವನ್ನು ತಿರುಗಿಸಿಬಿಡಬೇಕು. ಲೇಸರಿನ 632.8 ನಂಬಿ, ಸ್ಕ್ರೂ ಬಿಟ್ಟುಬಿಡಿ. ಲೇಸರಿನಲ್ಲಿ ನಿಮಗೆ 640 ಬಂದಿದೆ ಅಂದರೆ ಈ ಡ್ರಮ್ ಹೇಳಿದ್ದನ್ನೆಲ್ಲ 632.8/640, ಅಂದರೆ 0.98875ರಿಂದ ಗುಣಿಸಿಕೊಳ್ಳಬೇಕು. ಈಗ ಲೇಸರ್ ತೆಗೆದು ಸೋಡಿಯಂ ದೀಪ ಇಡಿ. ಅದೇ ಡ್ರಮ್, ಅದೇ ಭಾಗದಲ್ಲಿ ಎಣಿಸಿದರೆ ಸೋಡಿಯಂಗೆ 596 ಬಂತು ಅನ್ನಿ. 0.98875ರಿಂದ ಗುಣಿಸಿದರೆ 589.3. ಸೋಡಿಯಂ ಹಳದಿಯ ಸರಾಸರಿ ಅದೇ. ಇಲ್ಲಿ ಡ್ರಮ್ ಬರೀ ಮಧ್ಯವರ್ತಿ. ಅಳತೆಗೋಲಾಗಿ ನಿಂತಿದ್ದು ಲೇಸರಿನ ಬೆಳಕು.

ಬೆಳಕೇ ಅಳತೆಗೋಲಾದ ಮೇಲೆ ಸ್ಕ್ರೂ ಇಲ್ಲದ ಕಡೆಗೂ ಹೋಗಬಹುದು. ಒಂದು ಕನ್ನಡಿಯನ್ನು 10 ಸೆಂಟಿಮೀಟರ್ ಉದ್ದದ ಅಲ್ಯೂಮಿನಿಯಂ ಸರಳಿನ ತುದಿಗೆ ಅಂಟಿಸಿ, ಇನ್ನೊಂದು ತುದಿಯನ್ನು ಭದ್ರವಾಗಿ ಹಿಡಿದಿಡಿ. ಸರಳಿಗೆ ಹೀಟರ್ ತಂತಿ ಸುತ್ತಿ. ಅಲ್ಯೂಮಿನಿಯಂ ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 23 ಭಾಗ ಹಿಗ್ಗುತ್ತದೆ. 10 ಸೆಂಟಿಮೀಟರಿಗೆ ಅದು 2.3 ಮೈಕ್ರಾನ್. ಸ್ಕೇಲಿನಲ್ಲಿ ನೋಡೋ ಮಾತೇ ಇಲ್ಲ, ಆದರೆ ಫ್ರಿಂಜ್ ಲೆಕ್ಕದಲ್ಲಿ ಡಿಗ್ರಿಗೆ ಏಳಕ್ಕಿಂತ ಜಾಸ್ತಿ ಉಂಗುರ.

ಬಿಸಿ ಮಾಡುವಾಗ ಎಣಿಸಬೇಡಿ, ತಣಿಯುವಾಗ ಎಣಿಸಿ. ಹೀಟರ್ ಹಾಕಿದಾಗ ಉಂಗುರ ಓಡುತ್ತವೆ. ಹೀಟರ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟರೆ ನಿಮಿಷಕ್ಕೆ ಒಂದು ಡಿಗ್ರಿಯ ಹಾಗೆ ಇಳಿಯುವ ಹದ ಸಿಗುತ್ತದೆ, ಆಗ ನಿಮಿಷಕ್ಕೆ ಏಳೆಂಟು ಉಂಗುರ ಮಾತ್ರ, ಆರಾಮಾಗಿ ಎಣಿಸಬಹುದು. 10 ಡಿಗ್ರಿ ಇಳಿಯುವಷ್ಟರಲ್ಲಿ 73 ಉಂಗುರ ಹೋದವು ಅಂತ ಇಟ್ಟುಕೊಳ್ಳಿ. 73ನ್ನು 0.3164ರಿಂದ ಗುಣಿಸಿದರೆ 23.1 ಮೈಕ್ರಾನ್. 10 ಸೆಂಟಿಮೀಟರ್, 10 ಡಿಗ್ರಿಗೆ ಭಾಗಿಸಿದರೆ ಹತ್ತು ಲಕ್ಷದಲ್ಲಿ 23.1.

ಎಷ್ಟು ಚೆನ್ನಾಗಿ ಬಂತು ಅಂತ ಅನ್ನಿಸುತ್ತೆ, ಆದರೆ ಇಲ್ಲಿ ಒಂದು ನಿಮಿಷ ನಿಲ್ಲಿ. ಉಂಗುರದ ಎಣಿಕೆಯಲ್ಲಿ ಅರ್ಧ ತಪ್ಪಿದರೂ 73ಕ್ಕೆ ಅರ್ಧ, ನೂರಕ್ಕೆ ಒಂದಕ್ಕಿಂತ ಕಡಿಮೆ. ಥರ್ಮಾಮೀಟರ್ ಅರ್ಧ ಡಿಗ್ರಿ ತಪ್ಪಿದರೆ 10ಕ್ಕೆ ಅರ್ಧ, ನೂರಕ್ಕೆ ಐದು. ಅದರ ಮೇಲೆ ಸರಳಿನ ನಡುಭಾಗ ಬಿಸಿ ಇರುತ್ತದೆ, ಹಿಡಿದಿಟ್ಟ ತುದಿ ತಣ್ಣಗಿರುತ್ತದೆ, ನೀವು ಅಳೆದಿದ್ದು ನಡುಭಾಗದ ಉಷ್ಣತೆ ಮಾತ್ರ. ದೂರವನ್ನು ಮೈಕ್ರಾನಿನ ಹತ್ತನೇ ಭಾಗದವರೆಗೆ ಅಳೆದು, ಉಷ್ಣತೆಯನ್ನು ಅಂದಾಜಿನಲ್ಲಿ ಬಿಟ್ಟರೆ ಕೊನೆಯ ಉತ್ತರದ ಗಟ್ಟಿತನ ಉಷ್ಣತೆಯದ್ದೇ. ಇಂಥ ಪ್ರಯೋಗದಲ್ಲಿ ದುಡ್ಡು ಖರ್ಚು ಮಾಡೋದಾದರೆ ಒಳ್ಳೆಯ ಥರ್ಮೋಕಪಲ್‌ಗೆ ಮಾಡಿ, ಒಂದರ ಬದಲು ಮೂರು ಕಡೆ ಕೂರಿಸಿ.

ಬಿಸಿ ಗಾಳಿಯೂ ಕಾಟ ಕೊಡುತ್ತದೆ. ಗಾಳಿ ಬಿಸಿಯಾದರೆ ತೆಳುವಾಗುತ್ತದೆ, ಅದರಲ್ಲಿ ಬೆಳಕಿನ ತರಂಗದೂರ ಸ್ವಲ್ಪ ಉದ್ದವಾಗುತ್ತದೆ. ಕನ್ನಡಿಯ ಮುಂದಿನ 5 ಸೆಂಟಿಮೀಟರ್ ಗಾಳಿ 5 ಡಿಗ್ರಿ ಬಿಸಿಯಾದರೆ ಕನ್ನಡಿ ಕದಲದೇ ಇದ್ದರೂ ಮುಕ್ಕಾಲು ಫ್ರಿಂಜ್ ಸರಿಯುತ್ತದೆ. ಗುರುತು ಹೇಗೆ? ಸರಳು ಹಿಗ್ಗಿದರೆ ಉಂಗುರಗಳು ಗುಂಡಗೇ ಉಳಿದು ಕ್ರಮವಾಗಿ ಸಾಗುತ್ತವೆ. ಬಿಸಿ ಗಾಳಿ ಸುಳಿದರೆ ಉಂಗುರಗಳು ಸೊಟ್ಟಗಾಗಿ, ನಡುಗಿ, ಮುಂದೆ ಹೋದದ್ದು ಹಿಂದೆ ಬರುತ್ತದೆ. ಸರಳಿಗೆ ಥರ್ಮಾಕೋಲ್ ಕೊಳವೆ ತೊಡಿಸಿ ಕನ್ನಡಿ ಮಾತ್ರ ಹೊರಗೆ ಕಾಣುವ ಹಾಗೆ ಮಾಡಿದರೆ ಬಹಳಷ್ಟು ಕಡಿಮೆಯಾಗುತ್ತದೆ.

ಇಲ್ಲಿಯವರೆಗೆ ನೂರು, ಇನ್ನೂರು ಉಂಗುರದ ಮಾತಾಯಿತು. ಇನ್ನು ದೊಡ್ಡ ದೂರಕ್ಕೆ ಹೋದರೆ ಏನಾಗುತ್ತದೆ? ಎಣಿಸುತ್ತಲೇ ಹೋಗಬಹುದಲ್ಲ ಅಂತ ನಿಮಗೆ ಅನ್ನಿಸಬಹುದು. ಸೋಡಿಯಂ ದೀಪದಲ್ಲಿ ಮಾಡಿ ನೋಡಿ. ಒಂದು ಜಾಗದಲ್ಲಿ ಉಂಗುರಗಳು ಕಪ್ಪು-ಹಳದಿ ಅಂತ ಎದ್ದು ಕಾಣುತ್ತಿರುತ್ತವೆ. ಮುಂದೆ ಹೋಗುತ್ತಾ ಹೋಗುತ್ತಾ ಮಂಕಾಗುತ್ತವೆ, ಆಮೇಲೆ ಇಲ್ಲವೇ ಇಲ್ಲ ಅನ್ನುವ ಹಾಗೆ ಪರದೆ ಬರೀ ಹಳದಿ. ಎಣಿಸೋಕೆ ಏನೂ ಇರೋದಿಲ್ಲ. ಇನ್ನೂ ತಿರುಗಿಸಿದರೆ ಮತ್ತೆ ಮೂಡುತ್ತವೆ.

ಕಾರಣ ಸೋಡಿಯಂ ಹಳದಿಯಲ್ಲಿ ಇರೋದು ಒಂದು ಬಣ್ಣ ಅಲ್ಲ, ಎರಡು: 589.0 ಮತ್ತು 589.6. ಎರಡೂ ತಮ್ಮ ತಮ್ಮ ಉಂಗುರ ಹಾಕುತ್ತವೆ. ಶುರುವಿನಲ್ಲಿ ಎರಡೂ ಒಂದರ ಮೇಲೊಂದು ಕೂತಿರುತ್ತವೆ. ಗಿಡ್ಡ ತರಂಗದ ಉಂಗುರಗಳು ಸ್ವಲ್ಪ ಬೇಗ ಬರುತ್ತವೆ, ಹಾಗಾಗಿ ಮುಂದೆ ಮುಂದೆ ಜಾರಿ, ಒಂದರ ಕಪ್ಪಿನ ಮೇಲೆ ಇನ್ನೊಂದರ ಹಳದಿ ಬಂದು ಕೂರುತ್ತದೆ. ಒಂದು ಸಲ ಮಂಕಾದಲ್ಲಿಂದ ಮತ್ತೊಂದು ಸಲ ಮಂಕಾಗುವವರೆಗೆ ಕನ್ನಡಿ ಸುಮಾರು 0.29 ಮಿಲಿಮೀಟರ್ ಸರಿದಿರುತ್ತದೆ. ಅಷ್ಟರಲ್ಲಿ ದಾಟುವ ಉಂಗುರ ಸಾವಿರಕ್ಕೆ ಸ್ವಲ್ಪ ಕಡಿಮೆ. ಈ 0.29 ಅನ್ನು ಅಳೆದು ಎರಡು ಬಣ್ಣಗಳ ನಡುವಿನ ವ್ಯತ್ಯಾಸ ಕಂಡುಹಿಡಿಯಬಹುದು, ಅದು ಬೇರೆಯೇ ಒಂದು ಪ್ರಯೋಗ. ನಮಗೆ ಈಗ ಬೇಕಾದ್ದು ಇಷ್ಟು: ದೀಪ ಎಷ್ಟು ದೂರದವರೆಗೆ ಉಂಗುರ ಕೊಡುತ್ತದೋ ಅಷ್ಟು ದೂರದವರೆಗೆ ಮಾತ್ರ ಎಣಿಕೆ.

ಆಲ್ಬರ್ಟ್ ಮೈಕೆಲ್ಸನ್ ಎದುರಿಗೆ 1892ರಲ್ಲಿ ನಿಂತಿದ್ದೂ ಇದೇ ಪ್ರಶ್ನೆ. ಪ್ಯಾರಿಸ್ ಪಕ್ಕದ ಸೆವ್ರ್‌ನಲ್ಲಿ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಕಚೇರಿ ಇದೆ. ಆಗ ಮೀಟರ್ ಅಂದರೆ ಅಲ್ಲಿ ಇಟ್ಟಿದ್ದ ಪ್ಲಾಟಿನಂ-ಇರಿಡಿಯಂ ಸರಳಿನ ಮೇಲಿನ ಎರಡು ಗೆರೆಗಳ ನಡುವಿನ ದೂರ. ಆ ದೂರದಲ್ಲಿ ಬೆಳಕಿನ ಎಷ್ಟು ತರಂಗ ಹಿಡಿಸುತ್ತವೆ ಅಂತ ಹೇಳಬೇಕಿತ್ತು. ಜೊತೆಗಿದ್ದವರು ಕಚೇರಿಯ ರೆನೆ ಬೆನ್ವಾ. ಅನೇಕ ದೀಪ ನೋಡಿ ಮೈಕೆಲ್ಸನ್ ಆರಿಸಿದ್ದು ಕ್ಯಾಡ್ಮಿಯಂ ಆವಿಯ ಕೆಂಪು ಗೆರೆಯನ್ನು, ಯಾಕೆಂದರೆ ಸೋಡಿಯಂ ಹಾಗೆ ಒಳಗೆ ಜೋಡಿ ಇಲ್ಲದೆ ಅದು ಬಲು ಶುದ್ಧ. ಆದರೂ ಕನ್ನಡಿಗಳ ದೂರದ ವ್ಯತ್ಯಾಸ 10 ಸೆಂಟಿಮೀಟರ್ ಆಸುಪಾಸಿಗೆ ಬಂದರೆ ಅದರ ಉಂಗುರಗಳೂ ಸಾಕಷ್ಟು ಮಂಕಾಗುತ್ತಿದ್ದವು. ಒಂದು ಮೀಟರ್‌ವರೆಗೆ ನೇರವಾಗಿ ಎಣಿಸೋದು ಆಗದ ಮಾತು. ಆಗಿದ್ದರೂ ಸೆಕೆಂಡಿಗೆ ಒಂದರಂತೆ ಹಗಲೂ ರಾತ್ರಿ ಎಣಿಸಿದರೆ 36 ದಿನ ಬೇಕಿತ್ತು, ಮಧ್ಯೆ ಯಾರೋ ಬಾಗಿಲು ಬಡಿದರೆ ಮೊದಲಿಂದ ಶುರು.

ಅವರು ಮಾಡಿದ ಉಪಾಯ ನನಗೆ ಇಡೀ ದ್ಯುತಿಶಾಸ್ತ್ರದಲ್ಲೇ ಬಹಳ ಇಷ್ಟವಾದದ್ದು, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅವರು ಒಂಬತ್ತು ಎಟಲಾನ್ ಮಾಡಿಸಿದರು. ಎಟಲಾನ್ ಅಂದರೆ ಒಂದು ಲೋಹದ ಆಸರೆಯ ಮೇಲೆ ಒಂದು ಕನ್ನಡಿ ಮುಂದೆ, ಒಂದು ಹಿಂದೆ, ನಡುವಿನ ದೂರ ಬದಲಾಗದ ಹಾಗೆ ಕೂರಿಸಿದ ಜೋಡಿ. ಅತಿ ಚಿಕ್ಕದರ ದೂರ ಸುಮಾರು 0.39 ಮಿಲಿಮೀಟರ್. ಮುಂದಿನದು ಅದರ ಎರಡರಷ್ಟು, ಅದರ ಮುಂದಿನದು ಮತ್ತೆ ಎರಡರಷ್ಟು, ಹೀಗೆ ಒಂಬತ್ತನೆಯದು 10 ಸೆಂಟಿಮೀಟರ್.

ಚಿಕ್ಕದನ್ನು ಮಾತ್ರ ಒಂದೊಂದಾಗಿ ಎಣಿಸಿದರು. 0.39 ಮಿಲಿಮೀಟರಿಗೆ ಕೆಂಪು ಫ್ರಿಂಜ್ ಸುಮಾರು 1200, ಒಂದು ಕೂರುವಿಕೆಗೆ ಮುಗಿಯುವ ಕೆಲಸ. ಜೊತೆಗೆ ಕೊನೆಯ ಉಂಗುರದ ಭಾಗಾಂಶ. ಉದಾಹರಣೆಗೆ 1212.4 ಅಂತ ಇಟ್ಟುಕೊಳ್ಳೋಣ.

ಈಗ ಎರಡನೆಯ ಎಟಲಾನನ್ನು ಮೊದಲನೆಯದರ ಪಕ್ಕದಲ್ಲಿ ಇಟ್ಟು, ಎರಡರ ಮುಂದಿನ ಕನ್ನಡಿಗಳನ್ನೂ ಒಂದೇ ಮಟ್ಟಕ್ಕೆ ತರಬೇಕು. ಇದಕ್ಕೆ ಬಿಳಿ ಬೆಳಕು ಬೇಕು. ಬಿಳಿ ಬೆಳಕಿನಲ್ಲಿ ಎಲ್ಲಾ ಬಣ್ಣ ಸೇರಿರುವುದರಿಂದ ದಾರಿಗಳು ಹೆಚ್ಚುಕಡಿಮೆ ಪೂರ್ತಿ ಸಮ ಇದ್ದಾಗ ಮಾತ್ರ ಕೆಲವೇ ಫ್ರಿಂಜ್ ಕಾಣುತ್ತವೆ, ಒಂದೆರಡು ಮೈಕ್ರಾನ್ ಆಚೆ ಹೋದರೆ ಮಾಯ. ಹಾಗಾಗಿ ಬಿಳಿ ಫ್ರಿಂಜ್ ಕಂಡರೆ ಮಟ್ಟ ಸಮ ಆಯಿತು ಅಂತ ಖಾತ್ರಿ. ಆಮೇಲೆ ಉಪಕರಣದ ಇನ್ನೊಂದು ಕಡೆಯ ಕನ್ನಡಿಯನ್ನು ಚಿಕ್ಕ ಎಟಲಾನಿನ ಹಿಂದಿನ ಕನ್ನಡಿಯ ಮಟ್ಟಕ್ಕೆ ಬಿಳಿ ಫ್ರಿಂಜ್ ಬರುವ ತನಕ ಸರಿಸಿದರು. ನಂತರ ಚಿಕ್ಕ ಎಟಲಾನನ್ನೇ ಹಿಂದಕ್ಕೆ ಸರಿಸಿ, ಅದರ ಮುಂದಿನ ಕನ್ನಡಿ ಈ ಮಟ್ಟಕ್ಕೆ ಬರುವ ಹಾಗೆ ಮಾಡಿದರು. ಮತ್ತೆ ಆ ಇನ್ನೊಂದು ಕನ್ನಡಿಯನ್ನು ಚಿಕ್ಕದರ ಹಿಂಬದಿಗೆ ಒಯ್ದರು. ಚಿಕ್ಕದು ಎರಡು ಹೆಜ್ಜೆ ಹಾಕಿದಂತಾಯಿತು. ಈಗ ದೊಡ್ಡದರ ಹಿಂದಿನ ಕನ್ನಡಿಗೂ ಈ ಮಟ್ಟಕ್ಕೂ ಇರುವ ಅಂತರ ಬರೀ ಕೆಲವು ಫ್ರಿಂಜ್. ಅದನ್ನು ಎಣಿಸಿದರಾಯಿತು.

ಇದರಲ್ಲಿ ಏನು ವಿಶೇಷ, ತಪ್ಪೂ ಎರಡರಷ್ಟಾಗುತ್ತಲ್ಲ ಅಂತ ನೀವು ಕೇಳಬೇಕು. ಹೌದು, ಆಗುತ್ತದೆ. 1212.4ರಲ್ಲಿ 0.05 ತಪ್ಪಿದ್ದರೆ ಎರಡರಷ್ಟು ಮಾಡಿದಾಗ 2424.8ರಲ್ಲಿ 0.1 ತಪ್ಪು. ಆದರೆ 2424 ಅನ್ನುವ ಪೂರ್ಣ ಸಂಖ್ಯೆಗೆ ಅದರಿಂದ ಅಪಾಯ ಇಲ್ಲ. ಅಷ್ಟೇ ನಮಗೆ ಬೇಕಾದ್ದು. ದಶಮಾಂಶದ ನಂತರದ್ದನ್ನು ಎತ್ತಿ ಬಿಸಾಡಿ, ದೊಡ್ಡ ಎಟಲಾನಿನ ಎರಡೂ ಕನ್ನಡಿಗಳಲ್ಲಿ ಕ್ಯಾಡ್ಮಿಯಂ ಉಂಗುರ ಯಾವ ಸ್ಥಿತಿಯಲ್ಲಿದೆ ಅಂತ ನೇರವಾಗಿ ನೋಡಿ ಹೊಸದಾಗಿ ಅಳೆಯಬಹುದು. ಹೊಸ ಅಳತೆಯಲ್ಲಿ ತಪ್ಪು ಮತ್ತೆ 0.05ಕ್ಕೇ ಇಳಿಯಿತು. ಪ್ರತಿ ಹೆಜ್ಜೆಯಲ್ಲೂ ತಪ್ಪು ಎರಡರಷ್ಟಾಗುತ್ತದೆ, ಪ್ರತಿ ಹೆಜ್ಜೆಯಲ್ಲೂ ಅಳಿಸಿಹೋಗುತ್ತದೆ. ಒಂಬತ್ತನೆಯ ಎಟಲಾನ್ ತಲುಪುವಷ್ಟರಲ್ಲಿ ಮೂರು ಲಕ್ಷಕ್ಕೂ ಜಾಸ್ತಿ ಫ್ರಿಂಜ್‌ಗಳ ಲೆಕ್ಕ ಸಿಕ್ಕಿರುತ್ತದೆ, ಅದರಲ್ಲಿ ಕಣ್ಣಿಂದ ಎಣಿಸಿದ್ದು ಬಹುಪಾಲು ಆ ಮೊದಲಿನ 1200 ಮಾತ್ರ.

ಪೂರ್ಣ ಸಂಖ್ಯೆ ನಿಜವಾಗಿಯೂ ಸರಿಯಾ ಅಂತ ನೋಡಲು ಅವರ ಹತ್ತಿರ ಇನ್ನೊಂದು ದಾರಿ ಇತ್ತು. ಕ್ಯಾಡ್ಮಿಯಂನಲ್ಲಿ ಕೆಂಪಿನ ಜೊತೆ ಹಸಿರು, ನೀಲಿ ಗೆರೆಗಳೂ ಇವೆ. ಅದೇ ದೂರಕ್ಕೆ ಮೂರು ಬಣ್ಣಗಳ ಭಾಗಾಂಶ ಮೂರು ಬೇರೆ ಬೇರೆ. ಕೆಂಪಿನ ಸಂಖ್ಯೆ ಒಂದು ತಪ್ಪಿದ್ದರೆ ಹಸಿರು, ನೀಲಿಗೆ ಲೆಕ್ಕದಿಂದ ಬರುವ ಭಾಗಾಂಶ ಕಣ್ಣಿಗೆ ಕಾಣುವುದಕ್ಕೆ ಹೊಂದೋದಿಲ್ಲ. ಮೂರೂ ಹೊಂದಿದರೆ ಮಾತ್ರ ಆ ಸಂಖ್ಯೆ ನಿಂತಿತು.

ಕೊನೆಗೆ 10 ಸೆಂಟಿಮೀಟರಿನ ಎಟಲಾನನ್ನು ಹತ್ತು ಹೆಜ್ಜೆ ಹಾಕಿಸಿ ಮೀಟರ್ ಸರಳಿಗೆ ಹೋಲಿಸಿದರು. 15 ಡಿಗ್ರಿ ಉಷ್ಣತೆ, 760 ಮಿಲಿಮೀಟರ್ ಒತ್ತಡದ ಗಾಳಿಯಲ್ಲಿ ಒಂದು ಮೀಟರ್ ಅಂದರೆ ಕ್ಯಾಡ್ಮಿಯಂ ಕೆಂಪಿನ 1,553,163.5 ತರಂಗ. ತಿರುಗಿಸಿದರೆ ತರಂಗದೂರ 643.847 ನ್ಯಾನೋಮೀಟರ್. 1907ರಲ್ಲಿ ಮೈಕೆಲ್ಸನ್‌ಗೆ ಬಂದ ನೊಬೆಲ್ ಇಂಥ ಅಳತೆಗಳಿಗೆ, ಅವುಗಳ ಉಪಕರಣಗಳಿಗೆ. 1960ರಲ್ಲಿ ಮೀಟರನ್ನೇ ಕ್ರಿಪ್ಟಾನ್-86ರ ಒಂದು ಗೆರೆಯ 1,650,763.73 ತರಂಗ ಅಂತ ಬರೆದುಬಿಟ್ಟರು. ಸರಳು ಕಪಾಟಿನಲ್ಲೇ ಉಳಿಯಿತು. 1983ರಿಂದ ಮೀಟರ್ ಬೆಳಕಿನ ವೇಗದ ಮೇಲೆ ನಿಂತಿದೆ, ಅದು ಇನ್ನೊಂದು ದಿನದ ಮಾತು.

ಇವತ್ತು ಎಣಿಸೋದು ಕಣ್ಣಲ್ಲ, ಫೋಟೋಡಯೋಡ್. ಉಂಗುರದ ಕೇಂದ್ರದಲ್ಲಿ ಒಂದು ಫೋಟೋಡಯೋಡ್ ಇಟ್ಟು ಬೆಳಕು-ಕತ್ತಲನ್ನು ಕೌಂಟರಿಗೆ ಕೊಟ್ಟರೆ ಸಾಕು ಅನ್ನಿಸುತ್ತದೆ. ಸಾಕಾಗೋದಿಲ್ಲ. ಯಾರೋ ಪಕ್ಕದಲ್ಲಿ ನಡೆದರು, ಮೇಜು ನಡುಗಿತು, ಉಂಗುರ ಒಂದು ಹೆಜ್ಜೆ ಮುಂದೆ ಹೋಗಿ ವಾಪಸ್ ಬಂತು. ಕನ್ನಡಿ ಇದ್ದಲ್ಲೇ ಇದೆ, ಕೌಂಟರ್ ಎರಡು ಸೇರಿಸಿರುತ್ತದೆ. ನಡುಕಕ್ಕೆ ಮುಂದೆ-ಹಿಂದೆ ಎರಡೂ ಇದೆ, ಕೌಂಟರಿಗೆ ಮುಂದೆ ಮಾತ್ರ ಗೊತ್ತು. ಹಾಗಾಗಿ ಎರಡು ಡಯೋಡ್ ಇಡುತ್ತಾರೆ, ಒಂದಕ್ಕಿಂತ ಇನ್ನೊಂದು ಕಾಲು ಫ್ರಿಂಜಿನಷ್ಟು ಹಿಂದೆ ಇರುವ ಹಾಗೆ. ಒಂದು ದಿಕ್ಕಿಗೆ ಸರಿದರೆ ಮೊದಲನೆಯದು ಮೊದಲು ಬೆಳಗುತ್ತದೆ, ಇನ್ನೊಂದು ದಿಕ್ಕಿಗೆ ಸರಿದರೆ ಎರಡನೆಯದು. ಯಾವುದು ಮೊದಲು ಅಂತ ನೋಡಿ ಕೌಂಟರ್ ಕೂಡುತ್ತದೆ ಅಥವಾ ಕಳೆಯುತ್ತದೆ. ನಿಮ್ಮಲ್ಲಿ ಯಾರಾದರೂ ಇದನ್ನು ಮನೆಯಲ್ಲಿ ಕಟ್ಟಬೇಕು ಅಂದುಕೊಂಡಿದ್ದರೆ ಒಂದು ಪರೀಕ್ಷೆ ಹೇಳುತ್ತೇನೆ: ಕನ್ನಡಿ ಮುಟ್ಟದೆ ಮೇಜನ್ನು ಬೆರಳಿಂದ ತಟ್ಟಿ. ಕೌಂಟರ್ ಕುಣಿದು ಮತ್ತೆ ಅದೇ ಸಂಖ್ಯೆಗೆ ಬಂದು ನಿಂತರೆ ಸರಿ. ತಟ್ಟಿದಷ್ಟೂ ಏರುತ್ತಲೇ ಹೋದರೆ ಅದಕ್ಕೆ ದಿಕ್ಕು ಗೊತ್ತಿಲ್ಲ.

ಕಾರ್ಖಾನೆಗಳಲ್ಲಿ ಯಂತ್ರದ ಭಾಗ ಎಷ್ಟು ಸರಿಯಿತು ಅನ್ನೋದನ್ನು, ಅಂದರೆ ಅದರ ಸರಿತವನ್ನು, ಹೀಗೇ ಅಳೆಯುತ್ತಾರೆ. ಕನ್ನಡಿ ಸೆಕೆಂಡಿಗೆ 10 ಸೆಂಟಿಮೀಟರ್ ಓಡಿದರೆ ಸೆಕೆಂಡಿಗೆ ಮೂರು ಲಕ್ಷಕ್ಕೂ ಜಾಸ್ತಿ ಫ್ರಿಂಜ್ ದಾಟುತ್ತವೆ, ಎಲೆಕ್ಟ್ರಾನಿಕ್ಸಿಗೆ ಅದು ಸುಲಭ. ಆದರೆ ಮಧ್ಯದಲ್ಲಿ ಒಂದು ಕ್ಷಣ ಕೈ ಅಡ್ಡ ಬಂದು ಲೇಸರ್ ಮುಚ್ಚಿದರೆ ಎಷ್ಟು ಫ್ರಿಂಜ್ ಹೋದವು ಅಂತ ಹೇಳಲು ಯಾರೂ ಇಲ್ಲ. ಒಂದು ಫ್ರಿಂಜ್ ಇನ್ನೊಂದರ ಹಾಗೇ ಇರುತ್ತದೆ, ಯಾವುದರ ಮೇಲೂ ನಂಬರ್ ಬರೆದಿರೋದಿಲ್ಲ. ಶೂನ್ಯದಿಂದ ಮತ್ತೆ ಶುರು ಮಾಡಬೇಕು. ಮೈಕೆಲ್ಸನ್‌ನ ಮೆಟ್ಟಿಲುಗಳಲ್ಲಿ ಈ ಭಯ ಇರಲಿಲ್ಲ, ರಾತ್ರಿ ಬೀಗ ಹಾಕಿ ಬೆಳಿಗ್ಗೆ ಬಂದರೂ ಎಟಲಾನ್ ಅಷ್ಟೇ ಉದ್ದ.

ಕೊನೆಯದಾಗಿ ಗಾಳಿ. 632.8 ಅನ್ನೋದು ಗಾಳಿಯಲ್ಲಿನ ಸಂಖ್ಯೆ. ನಿರ್ವಾತದಲ್ಲಿ ಅದೇ ಬೆಳಕು 632.99. ಚಿಕ್ಕ ವ್ಯತ್ಯಾಸ ಅನ್ನಿಸಬಹುದು, ಆದರೆ 10 ಸೆಂಟಿಮೀಟರ್ ದೂರಕ್ಕೆ ಅದು ಸುಮಾರು 85 ಫ್ರಿಂಜ್. ಗಾಳಿ ಅಂದ ಮೇಲೆ ಯಾವ ಊರಿನ ಗಾಳಿ ಅಂತಲೂ ಕೇಳಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ, ಇಲ್ಲಿನ ಗಾಳಿಯ ಒತ್ತಡ ಮಂಗಳೂರಿಗಿಂತ ನೂರಕ್ಕೆ ಹತ್ತರಷ್ಟು ಕಡಿಮೆ. ಉಷ್ಣತೆ ಎರಡೂ ಕಡೆ ಒಂದೇ ಇದ್ದರೂ, ಅದೇ ಲೇಸರ್, ಅದೇ 10 ಸೆಂಟಿಮೀಟರ್ ಸರಿತಕ್ಕೆ ಮಂಗಳೂರಿನಲ್ಲಿ ಬೆಂಗಳೂರಿಗಿಂತ ಸುಮಾರು ಎಂಟು ಫ್ರಿಂಜ್ ಜಾಸ್ತಿ ಬರುತ್ತವೆ. ಸುಮಾರು ಎರಡೂವರೆ ಮೈಕ್ರಾನ್. ನಿಮ್ಮ ಲ್ಯಾಬಿನ ನೂರು ಉಂಗುರಕ್ಕೆ ಇದರಿಂದ ಏನೂ ಆಗೋದಿಲ್ಲ, ಡ್ರಮ್ಮಿನ ಗೀಟೇ ಅದಕ್ಕಿಂತ ಒರಟು. ಆದರೆ ದೊಡ್ಡ ಸರಿತವನ್ನು ಮೈಕ್ರಾನ್ ಮಟ್ಟಕ್ಕೆ ಅಳೆಯುವವರು ಪುಸ್ತಕದ 632.8 ಹಾಕಿ ಗುಣಿಸುವ ಹಾಗಿಲ್ಲ. ಆವತ್ತಿನ ಒತ್ತಡ, ಉಷ್ಣತೆ ಓದಿ ಬರೆದುಕೊಂಡು, ಅವತ್ತಿನ ಆ ಕೋಣೆಯ ತರಂಗದೂರ ಎಷ್ಟು ಅಂತ ಮೊದಲು ಲೆಕ್ಕ ಹಾಕಬೇಕು. ಅದರ ಅರ್ಧವನ್ನು ಎಣಿಕೆಯಿಂದ ಗುಣಿಸೋದು ಆಮೇಲೆ.